ಪದ ಬೇಕು: ಆಯಿಲ್, ಥಿನ್ನರ್‌ನಿಂದ ಆಗುವ ‘ಸ್ಕಿನ್ ಇರಿಟೇಶನ್’ಗೆ ಏನನ್ನೋಣ? (ನಾಳೆ ಬೋರ್ಡ್ ಪ್ರಿಂಟಿಗೆ ಹೋಗಬೇಕು)

ವನಜಾ:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಶುಕ್ರವಾರ ಬೆಳಗಿನ ಶಿಫ್ಟಿಗೆ ಮುಂಚೆ ಕಾರ್ಮಿಕರ ಜೊತೆ ಎಂಟು ನಿಮಿಷದ ಮಾತಿದೆ. ಮಾತಾಡುವವರು ಅಲ್ಲಿನ ಸೇಫ್ಟಿ ಆಫೀಸರ್, ಕನ್ನಡ ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ. ಅದರ ಜೊತೆಗೆ ಕೈ ತೊಳೆಯುವ ಜಾಗದ ಮೇಲೆ ಹಾಕಲು ಎರಡೂವರೆ ಅಡಿಯ ಒಂದು ಬೋರ್ಡ್. ಸಿಕ್ಕಿಹಾಕಿಕೊಂಡಿರುವುದು ಎರಡು ಕಡೆ. ‘ಇರಿಟೇಶನ್’ಗೆ ‘ಚರ್ಮದ ಕಿರಿಕಿರಿ’ ಅಂತ ಬರೆದೆ, ಓದಿದರೆ ಅತ್ತೆ ಸೊಸೆ ಜಗಳದ ಹಾಗೆ ಕೇಳಿಸುತ್ತಿದೆ. ‘ಉರಿಯೂತ’ ಆಸ್ಪತ್ರೆಯ ಚೀಟಿಯಂತಿದೆ. ಇನ್ನೊಂದು ‘ಸಾಲ್ವೆಂಟ್’. ‘ದ್ರಾವಕ’ ನಡೆಯುತ್ತದೆಯೇ? ನಾಳೆ ಸಂಜೆ 4ಕ್ಕೆ ಪ್ರಿಂಟಿಗೆ ಕೊಡಬೇಕು.

ಶ್ರೀಧರಮೂರ್ತಿ:
ಕಿರಿಕಿರಿ ಮನಸ್ಸಿಗೆ, ತೊಗಲಿಗಲ್ಲ. ತೊಗಲು ಕೆರಳುತ್ತದೆ, ಆದ್ದರಿಂದ ‘ತೊಗಲ್ಗೆರಳಿಕೆ’. ಸಾಲ್ವೆಂಟಿಗೆ ‘ಕರಗುಕ’. ಕನ್ನಡದಲ್ಲಿ ಬೇರು ಇರುವಾಗ ‘ಚರ್ಮ’ವನ್ನು ಸಾಲ ತರುವುದು ಸೋಮಾರಿತನ. ಇದರಲ್ಲಿ ಚರ್ಚಿಸುವುದು ಏನೂ ಇಲ್ಲ.

ಬಸವರಾಜ:
ಸರ, ತೊಗಲ್ಗೆರಳಿಕಿ ಅಂತ ಬೋರ್ಡ್ ಹಾಕಿದ್ರ ಮಂದಿ ತೊಗಲುಗೊಂಬಿ ಆಟ ಐತೇನು ಅಂತ ಕೇಳ್ತಾರ. ಲೇಥ್ ಮ್ಯಾಲೆ ಕೆಲಸ ಮಾಡೋರು ಇದಕ್ಕ ಅನ್ನೋದು ಒಂದ ಮಾತು, ‘ಅಲರ್ಜಿ’. ಕೂಲೆಂಟ್ ಅಲರ್ಜಿ, ಥಿನ್ನರ್ ಅಲರ್ಜಿ. ನಾನು ಇಪ್ಪತ್ತು ವರ್ಷ ಸೂಪರ್ವೈಸರ್ ಇದ್ದೀನಿ, ಬ್ಯಾರೆ ಶಬ್ದ ಕೇಳಿಲ್ಲ. ಅದನ್ನ ಬರೀರಿ. ಒಂದು ಗುರ್ತು ಸೇರಿಸ್ರಿ: ರಜಾದಾಗ ಕಡಿಮಿ ಆದ್ರ ಅದು ಬರೀ ಉರಿ, ಕಡಿಮಿ ಆಗಲಿಲ್ಲಂದ್ರ ಅಲರ್ಜಿ. ಕೈಗೆ ಗ್ಲೌಸ್ ಹಾಕಿಕೊಂಡ್ರ ಎರಡೂ ಬರಂಗಿಲ್ಲ.

ಡಾ. ಮೀರಾ:
ಬಸವರಾಜ ಅವರು ಹೇಳಿದ ಪದ ಎಲ್ಲರ ಬಾಯಲ್ಲಿರುವುದು ನಿಜ. ಆದರೆ ಬೋರ್ಡಿಗೆ ಎಲ್ಲಕ್ಕಿಂತ ಕೆಟ್ಟ ಪದವೂ ಅದೇ. ನನ್ನ ತಕರಾರು ವ್ಯಾಕರಣದ್ದಲ್ಲ.

ಕಾರ್ಖಾನೆಯಲ್ಲಿ ಕಾಣುವ ಹೆಚ್ಚಿನ ಪಾಲು ಅಲರ್ಜಿಯೇ ಅಲ್ಲ. ಥಿನ್ನರ್, ಸೀಮೆಎಣ್ಣೆ ಚರ್ಮದ ಜಿಡ್ಡನ್ನು ಕರಗಿಸಿ ತೆಗೆಯುತ್ತವೆ. ಲೋಹ ಕೊರೆಯುವಾಗ ಬಿಸಿಯಾಗದಿರಲೆಂದು ಸುರಿಯುವ, ಹಾಲಿನಂತೆ ಕಾಣುವ ಕೂಲೆಂಟ್ ಕ್ಷಾರ ಗುಣದ್ದು, ಪಿಎಚ್ 9ರ ಆಸುಪಾಸು. ಚರ್ಮದ್ದು ಸುಮಾರು 5. ದಿನಕ್ಕೆ ಎಂಟು ಗಂಟೆ ಅದರಲ್ಲಿ ನೆನೆದು ಒಣಗಿ, ಮತ್ತೆ ನೆನೆದು ಒಣಗಿದರೆ ಯಾರ ಕೈಯಾದರೂ ಕೆಡುತ್ತದೆ. ಒಬ್ಬನಿಗೆ ವಾರ ಹಿಡಿಯಬಹುದು, ಇನ್ನೊಬ್ಬನಿಗೆ ವರ್ಷ. ಅಲರ್ಜಿ ಹಾಗಲ್ಲ. ಕೂಲೆಂಟಿನಲ್ಲಿ ಕ್ರಿಮಿ ಬೆಳೆಯದಿರಲೆಂದು ಹಾಕುವ ರಾಸಾಯನಿಕಕ್ಕೋ ಅದರಲ್ಲಿ ಸೇರಿಕೊಂಡ ನಿಕಲ್, ಕೋಬಾಲ್ಟಿಗೋ ಕೆಲವರ ಮೈ ಮಾತ್ರ ತಿರುಗಿಬೀಳುತ್ತದೆ. ಒಮ್ಮೆ ಹಾಗಾದ ಮೇಲೆ ತೀರಾ ಸ್ವಲ್ಪ ತಾಗಿದರೂ ಸಾಕು. ತಾಗಿ ಒಂದರಿಂದ ಮೂರು ದಿನದ ಮೇಲೆ ಏಳುವುದರಿಂದ ಯಾವುದರಿಂದ ಬಂತು ಅಂತಲೇ ಹೊಳೆಯುವುದಿಲ್ಲ. ಆಯಿಲ್ ತಾಗದ ಜಾಗಕ್ಕೂ ಹರಡಬಹುದು.

ಈಗ ಪದಕ್ಕೆ ಬರುತ್ತೇನೆ. ‘ಅಲರ್ಜಿ’ ಅಂದಕೂಡಲೇ ತಪ್ಪು ಕಾರ್ಮಿಕನ ಮೈಯದ್ದಾಗುತ್ತದೆ: ‘ಪಕ್ಕದವನಿಗೆ ಏನೂ ಆಗಿಲ್ಲ, ನಿನ್ನ ಮೈಗೆ ಆಗಿಬರಲ್ಲ.’ ‘ಕಜ್ಜಿ’ ಅಂದರೆ ತಪ್ಪು ಅವನ ಸ್ನಾನದ್ದು, ಜೊತೆಗೆ ಅಂಟುರೋಗ ಅನ್ನುವ ನಾಚಿಕೆ. ಅವನು ಕೈ ಮುಚ್ಚಿಟ್ಟುಕೊಳ್ಳುತ್ತಾನೆ. ಎರಡರಲ್ಲೂ ಮಷಿನ್‌ನ ಟ್ಯಾಂಕಿನಲ್ಲಿ ಏನಿದೆ ಅಂತ ಯಾರೂ ನೋಡುವುದಿಲ್ಲ.

ರಜೆಯ ಗುರುತು ಅರ್ಧ ಸರಿ. ರಜೆಯಲ್ಲಿ ಎರಡೂ ಇಳಿಯುತ್ತವೆ. ಅದರಿಂದ ‘ಇದು ಕೆಲಸದಿಂದ ಬಂದದ್ದು’ ಅಂತ ಸುಳಿವು ಸಿಗುತ್ತದೆ, ಯಾವ ಬಗೆ ಅಂತ ತಿಳಿಯುವುದಿಲ್ಲ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು, ತೆಗೆದ ಮೇಲೆ ಒಂದೆರಡು ದಿನ ಕಳೆದು ಮತ್ತೆ ನೋಡುವ ಪರೀಕ್ಷೆ ಇದೆ. ಕಣ್ಣಳತೆಯಲ್ಲಿ ಹೇಳಲು ನಮಗೂ ಆಗುವುದಿಲ್ಲ.

ಸುಮಂಗಲಾ:
ಇಲ್ಲಿ ಕೇಳಬಹುದೋ ಇಲ್ಲವೋ, ನನ್ನದು ಎಣ್ಣೆ ಚರ್ಮ, ಅದಕ್ಕೂ ‘ಕೆರಳಿಕೆ’ ಅನ್ನಬಹುದಾ? ಪಾತ್ರೆ ಸೋಪಿನಿಂದ ನನ್ನ ಉಂಗುರದ ಕೆಳಗೆ ಮಾತ್ರ ಸಿಪ್ಪೆ ಏಳುತ್ತದೆ. ನಮ್ಮ ಮನೆಯಲ್ಲಿ ‘ಸೋಪು ತಿಂದಿದೆ’ ಅನ್ನುತ್ತೇವೆ.

ಶ್ರೀಧರಮೂರ್ತಿ:
ವಿಷಯ ಎಣ್ಣೆ ಚರ್ಮದ್ದಲ್ಲಮ್ಮ.

ಡಾ. ಮೀರಾ:
ಮೂರ್ತಿಗಳೇ, ಸ್ವಲ್ಪ ತಡೆಯಿರಿ. ಸುಮಂಗಲಾ ಅವರು ದಾರಿ ತಪ್ಪಿ ಬಂದರೂ ಬೇಕಾದ್ದನ್ನೇ ತಂದಿದ್ದಾರೆ. ಉಂಗುರದ ಕೆಳಗೆ ಸೋಪು ನಿಲ್ಲುವ ಹಾಗೆ ಕೂಲೆಂಟೂ ನಿಲ್ಲುತ್ತದೆ, ಮೊದಲ ಗುರುತು ಎಷ್ಟೋ ಸಲ ಅಲ್ಲೇ. ಆಮೇಲೆ ಬೆರಳ ಸಂದಿ, ಅಂಗೈ ಹಿಂಭಾಗ. ಕಾರ್ಮಿಕರು ಅಂಗೈ ನೋಡಿಕೊಂಡು ‘ಏನೂ ಇಲ್ಲ’ ಅನ್ನುತ್ತಾರೆ. ಅಂಗೈ ಚರ್ಮ ದಪ್ಪ, ಅದು ಕಡೆಗೆ ಕೆಡುವುದು. ವನಜಾ, ಮಾತಿನ ನಡುವೆ ಎಲ್ಲರಿಂದಲೂ ಕೈ ಮಗುಚಿಸಿ, ಬೆರಳು ಅಗಲಿಸಿ ನೋಡಿಸಿ. ಅರ್ಧ ನಿಮಿಷದ ಕೆಲಸ.

‘ಸೋಪು ತಿಂದಿದೆ’ ನನಗೆ ‘ಉರಿಯೂತ’ಕ್ಕಿಂತ ಎಷ್ಟೋ ಮೇಲು. ಉರಿಯೂತ ಅಂದರೆ ಉರಿದು ಊದಿಕೊಂಡರೆ ಮಾತ್ರ ಹೇಳಬೇಕು ಅಂದುಕೊಳ್ಳುತ್ತಾರೆ. ಶುರುವಿನಲ್ಲಿ ಉರಿಯೂ ಇಲ್ಲ, ಊತವೂ ಇಲ್ಲ. ಚರ್ಮ ಒಣಗಿ, ಬಿಳಿಚಿ, ಹಿಟ್ಟು ಹಿಟ್ಟಾಗುತ್ತದೆ, ಕೈ ಮುಷ್ಟಿ ಮಾಡಿದರೆ ಬಿಗಿಯುತ್ತದೆ. ಆ ಮಟ್ಟದಲ್ಲಿ ಹಿಡಿದರೆ ಬೇಗ ಸರಿಹೋಗುತ್ತದೆ. ಬಿರಿದು ರಕ್ತ ಕಾಣಿಸಿದ ಮೇಲೆ ತಿಂಗಳುಗಟ್ಟಲೆ ಎಳೆಯಬಹುದು.

ಅನಂತ:
‘ನವೆ’ ಯಾಕೆ ಬೇಡ? ತಮಿಳಿನ ನಮೈ, ನಮೈಚ್ಚಲ್, ತೆಲುಗಿನ ನವ, ಎಲ್ಲ ಒಂದೇ ಬಳಗ. ಸಾಲ ಅನ್ನುವ ಮಾತೇ ಬರುವುದಿಲ್ಲ. ತುಟಿಗೆ ಹಗುರ, ಬೋರ್ಡಿಗೆ ಎರಡೇ ಅಕ್ಷರ. ಇನ್ನು ‘ದ್ರಾವಕ’ ಖಂಡಿತ ಬೇಡ. ತಮಿಳಿನಲ್ಲಿ ‘ದ್ರಾವಕಂ’ ಅಂದರೆ ಆಸಿಡ್. ಪೀಣ್ಯದ ಶಾಪಿನಲ್ಲಿ ತಮಿಳು ಮಾತಾಡುವವರು ಇರುತ್ತಾರೆ. ಥಿನ್ನರ್ ಡಬ್ಬದ ಮೇಲೆ ಆ ಪದ ಕಂಡರೆ ಬೇರೆಯೇ ಅರ್ಥ ಮಾಡಿಕೊಂಡಾರು.

ಶ್ರೀಧರಮೂರ್ತಿ:
ಕನ್ನಡ ಬೋರ್ಡನ್ನು ತಮಿಳಿನ ಅರ್ಥಕ್ಕೆ ತೂಗುವುದು ಯಾವ ನ್ಯಾಯ? ‘ಕರಗುಕ’ಕ್ಕೆ ಆ ತೊಡಕಿಲ್ಲ.

ಬಸವರಾಜ:
ಥಿನ್ನರ್‌ಗೆ ಥಿನ್ನರ್ ಅನ್ರಿ ಮಾರಾಯರ. ‘ಕರಗುಕ ಮುಟ್ಟಬೇಡ’ ಅಂತ ಬರದ್ರ ಓದಿ, ಥಿನ್ನರ್‌ನಾಗ ಕೈ ತೊಳಕೊಂಡು ಹೋಗ್ತಾರ. ದಿನಾ ಸಂಜಿಕ ನಡಿಯೋದು ಅದ. ಮೊದಲ ಸೀಮಿಎಣ್ಣಿ, ಆಮ್ಯಾಲ ಸರ್ಫ್, ಕಡೀಕ ಕೊಬ್ಬರಿಎಣ್ಣಿ. ಅದರಾಗ ತಪ್ಪೇನು, ಗ್ರೀಸ್ ಹೋಗಬೇಕಲ್ಲ? ಮತ್ತ ಗ್ಲೌಸ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಡಾ. ಮೀರಾ:
ತಪ್ಪು ಕ್ರಮದಲ್ಲೇ ಇದೆ. ಎಂಟು ಗಂಟೆ ಜಿಡ್ಡು ಕಳೆದುಕೊಂಡ ಕೈಯಿಂದ ಉಳಿದದ್ದನ್ನೂ ಸೀಮೆಎಣ್ಣೆ ಎಳೆಯುತ್ತದೆ, ಬಟ್ಟೆಯ ಪುಡಿ ಉಜ್ಜಿ ತರಚುತ್ತದೆ. ಗ್ರೀಸ್ ಹೋಗಲು ಕೈ ತೊಳೆಯುವ ಪೇಸ್ಟ್ ಸಾಕು: ನೀರು ಹಾಕದೆ ಒಣ ಕೈಗೇ ಹಚ್ಚಿ, ಗ್ರೀಸ್ ಸಡಿಲವಾಗುವ ತನಕ ತಿಕ್ಕಿ, ಆಮೇಲೆ ನೀರು. ಬೆರಳ ಸಂದಿ ಒರೆಸಿ ಒಣಗಿಸಿ, ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಲಿ. ಕೊಬ್ಬರಿ ಎಣ್ಣೆಯ ಮಾತು ನೂರಕ್ಕೆ ನೂರು ಸರಿ. ಕಾಟನ್ ವೇಸ್ಟಿನಲ್ಲಿ ಮಾತ್ರ ಒರೆಸಬಾರದು, ಅದರಲ್ಲಿರುವ ಕಬ್ಬಿಣದ ಚೂರು ಗೀರುತ್ತದೆ, ಆ ಗೀರಿನಲ್ಲಿ ಕೂಲೆಂಟ್ ಇಳಿಯುತ್ತದೆ. ಆಯಿಲ್ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕುವ ಅಭ್ಯಾಸವೂ ಹೋಗಬೇಕು. ತೊಡೆಯ ಮೇಲೆ ಕೂದಲ ಬುಡದಲ್ಲಿ ಕಪ್ಪು ಚುಕ್ಕೆ, ಗುಳ್ಳೆ ಏಳುವುದು ಅದರಿಂದ.

ಗ್ಲೌಸ್: ತಿರುಗುವ ಲೇಥ್, ಡ್ರಿಲ್ ಮುಂದೆ ಬೇಡವೇ ಬೇಡ, ಸುತ್ತಿಕೊಂಡರೆ ಬೆರಳು ಹೋಗುತ್ತದೆ. ಭಾಗ ತೊಳೆಯುವಾಗ, ಟ್ಯಾಂಕ್ ತುಂಬುವಾಗ ನೈಟ್ರೈಲ್ ಗ್ಲೌಸ್ ಸರಿ. ಆದರೆ ಅಸಿಟೋನ್ ಇರುವ ಥಿನ್ನರ್ ತೆಳು ನೈಟ್ರೈಲನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಗ್ಲೌಸ್ ಒಳಗೆ ಸೇರಿದ ಥಿನ್ನರ್ ಆರುವುದಿಲ್ಲ, ಬರಿಗೈಗಿಂತ ಹೆಚ್ಚು ಕೆಡಿಸುತ್ತದೆ.

ಅನಂತ, ‘ನವೆ’ ಚೆಂದ. ಆದರೆ ನವೆ ಇಲ್ಲದೆಯೂ ಕೈ ಕೆಡುತ್ತದೆ. ಒಂದು ಗುರುತನ್ನೇ ಹೆಸರು ಮಾಡಿದರೆ ಆ ಗುರುತು ಇಲ್ಲದವನು ಸುಮ್ಮನಿರುತ್ತಾನೆ.

ವನಜಾ:
ಬಹಳ ಉಪಕಾರ. ಸುಮಂಗಲಾ ಅವರ ‘ತಿನ್ನು’ ಹಿಡಿದು ಬೋರ್ಡ್ ಹೀಗೆ ಬರೆದಿದ್ದೇನೆ:

ಆಯಿಲ್, ಕೂಲೆಂಟ್, ಥಿನ್ನರ್ ಕೈ ತಿನ್ನುತ್ತವೆ.
ಕೈ ಮಗುಚಿ ನೋಡಿ: ಬೆರಳ ಸಂದಿ, ಉಂಗುರದ ಕೆಳಗೆ.
ಒಣಗಿದೆಯೇ? ಕೆಂಪಾಗಿದೆಯೇ? ಬಿರಿದಿದೆಯೇ? ನವೆಯೇ?
ಇವತ್ತೇ ಸೂಪರ್ವೈಸರ್‌ಗೆ ಹೇಳಿ. ಇದು ಅಂಟುರೋಗವಲ್ಲ.

ಒಂದು ಅನುಮಾನ ಉಳಿದಿದೆ. ಹೇಳಿದ ಮೇಲೆ ಸೂಪರ್ವೈಸರ್ ಏನು ಮಾಡಬೇಕು?

ಬಸವರಾಜ:
ಅದನ್ನ ನಾನು ಹೇಳ್ತೀನಿ. ಮೊದಲ ಆ ಮಷಿನ್ ಕೂಲೆಂಟ್ ಅಳೀಬೇಕು. ಸಾಮಾನ್ಯ ಲೇಥಿಗೆ 20 ಲೀಟರ್ ನೀರಿಗೆ ಒಂದು ಲೀಟರ್ ಆಯಿಲ್, ಹತ್ತತ್ರ 5 ಪರ್ಸೆಂಟ್. ಬ್ಯಾಸಿಗ್ಯಾಗ ನೀರು ಆರತೈತಿ, ಆಯಿಲ್ ಉಳಿತೈತಿ. ಲೆವೆಲ್ ಇಳೀತು ಅಂತ ಹುಡುಗರು ಮತ್ತ 5 ಪರ್ಸೆಂಟಿಂದ ಸುರೀತಾರ, ಹಂಗ ಏರ್ಕೊಂತ 9, 10ಕ್ಕ ಹೋಗತೈತಿ. ರಿಫ್ರ್ಯಾಕ್ಟೋಮೀಟರ್ ಮ್ಯಾಲೆ ಒಂದು ಹನಿ ಹಾಕಿ ನೋಡ್ರಿ, ಬಂದ ಅಂಕಿಯನ್ನ ಕ್ಯಾನ್ ಮ್ಯಾಲಿನ ಫ್ಯಾಕ್ಟರ್‌ನಿಂದ ಗುಣಿಸ್ರಿ. 6 ತೋರಿಸಿ ಫ್ಯಾಕ್ಟರ್ 1.5 ಇದ್ರ 9 ಪರ್ಸೆಂಟ್ ಆತು. 100 ಲೀಟರ್ ಟ್ಯಾಂಕಿನಾಗ 9 ಲೀಟರ್ ಆಯಿಲ್. ಅದನ್ನ 5ಕ್ಕ ಇಳಸಾಕ 80 ಲೀಟರ್ ನೀರು ಬೇಕು, ಟ್ಯಾಂಕ್ ಹಿಡಿಯಂಗಿಲ್ಲ. ಅದಕ್ಕ ಸುಮಾರು 45 ಲೀಟರ್ ಬ್ಯಾರೆ ಡ್ರಮ್‌ಗೆ ತಗದು, ಅಷ್ಟ ಬರೀ ನೀರು ಹಾಕಬೇಕು. ತಗದದ್ದನ್ನ ಚರಂಡಿಗೆ ಬಿಡಬಾರದು, ಮುಂದ ಟಾಪ್‌ಅಪ್‌ಗೆ ನೀರು ಬೆರಸಿ ಬಳಸಬಹುದು. ಕೊಳೆತ ವಾಸನಿ ಇದ್ರ ಮಾತ್ರ ಪೂರಾ ಬದಲಿ ಮಾಡ್ರಿ. ಡಾಕ್ಟರ್ ಮೇಡಂ ಅಂದಂಗ, ‘ಅಲರ್ಜಿ’ ಅಂದ್ಕೊಂಡು ನಾವು ಇದನ್ನ ನೋಡೋದ ಬಿಟ್ಟಿದ್ವಿ.

ಡಾ. ಮೀರಾ:
ಇದು ನನಗೆ ಇಷ್ಟು ವಿವರವಾಗಿ ಗೊತ್ತಿರಲಿಲ್ಲ. ಒಂದೇ ಸೇರ್ಪಡೆ: ಕೂಲೆಂಟ್ 5ಕ್ಕೆ ಬಂದು, ತೊಳೆಯುವ ಕ್ರಮ ಸರಿಹೋದ ಮೇಲೂ ಒಬ್ಬನ ಕೈ ಎರಡು ಮೂರು ವಾರದಲ್ಲಿ ತಿರುಗದಿದ್ದರೆ, ಅಥವಾ ಮುಖಕ್ಕೋ ಕುತ್ತಿಗೆಗೋ ಹರಡಿದರೆ, ಅವನನ್ನು ಆ ಮಷಿನ್‌ನಿಂದ ಬಿಡಿಸಿ ಚರ್ಮದ ವೈದ್ಯರಿಗೆ ಕಳಿಸಿ. ಕೂಲೆಂಟ್ ಕ್ಯಾನಿನ ಸೇಫ್ಟಿ ಶೀಟನ್ನೂ ಕೈಯಲ್ಲಿ ಕೊಡಿ. ಅದಿಲ್ಲದೆ ಪರೀಕ್ಷೆಗೆ ಯಾವ ಪಟ್ಟಿ ಹಾಕಬೇಕು ಅಂತ ತಿಳಿಯುವುದಿಲ್ಲ.

ಶ್ರೀಧರಮೂರ್ತಿ:
‘ಕೈ ತಿನ್ನುತ್ತವೆ’ ಅಚ್ಚಗನ್ನಡ, ಒಪ್ಪಿದೆ. ‘ಸೂಪರ್ವೈಸರ್’ ಜಾಗದಲ್ಲಿ ‘ಮೇಲ್ವಿಚಾರಕ’ ಹಾಕಿ.

ಅನಂತ:
‘ವಿಚಾರಕ’ ಸಂಸ್ಕೃತ ಅಲ್ಲವೇ ಸರ್?

ಬಸವರಾಜ:
ಬೋರ್ಡಿನ್ಯಾಗ ಹಿಂದಿ ಸಾಲು ಇರತೈತೇನ್ರಿ ವನಜಾ ಅವರ? ಪಾರ್ಟ್ ತೊಳಿಯೋ ಸೆಕ್ಷನ್‌ನಾಗ ಅರ್ಧಕ್ಕರ್ಧ ಬಿಹಾರ, ಒಡಿಶಾದ ಹುಡುಗರು. ಥಿನ್ನರ್‌ನಾಗ ಕೈ ಇಡೋರು ಅವರ.

ಶ್ರೀಧರಮೂರ್ತಿ:
ಅದಕ್ಕೆ ಬೇರೆ ಎಳೆ ತೆರೆಯಿರಿ. ಇದು ಕನ್ನಡ ಪದಚರ್ಚೆ.

ವನಜಾ:
ಬೋರ್ಡಿನಲ್ಲಿ ಜಾಗ ಇರುವುದು ನಾಲ್ಕೇ ಸಾಲಿಗೆ. ಕೆಳಗೆ ಮಗುಚಿದ ಕೈಯ ಚಿತ್ರ ಹಾಕಿಸಿ, ಬೆರಳ ಸಂದಿಗೆ ಕೆಂಪು ಬಳಿಸುತ್ತಿದ್ದೇನೆ. ‘ಸೂಪರ್ವೈಸರ್’ ಹಾಗೇ ಇರಲಿ, ಪ್ರಿಂಟಿಗೆ ಹೋಯಿತು.