ಅಪ್‌ಡೇಟ್: ಅಡಿಕೆ ರೇಟಿನ ಲೆಕ್ಕ ಮಗಳು ಬಿಡಿಸಿ ಹೇಳಿದ್ಳು

ನಾನು ಕೇಳಿದ್ದು: "ಆ್ಯಪಲ್ಲಿ ತೋರಿಸೋ ಅಡಿಕೆ ರೇಟು ನಮ್ಮ ಬದಿಯಡ್ಕದಲ್ಲಿ ಯಾಕೆ ಸಿಗೋದಿಲ್ಲ?"

ನಿನ್ನೆ ಮಗಳು ಊರಿಗೆ ಬಂದವಳು ಪಕ್ಕ ಕೂತು ತೋರಿಸಿದ್ಳು. ನಾನು ನೋಡ್ತಾ ಇದ್ದದ್ದು ಶಿವಮೊಗ್ಗದ ರಾಶಿ, ಅದು ಹಸಿ ಕಾಯಿ ಸುಲಿದು ಬೇಯಿಸಿದ ಕೆಂಪಡಿಕೆ, ನಮ್ಮದು ಅಂಗಳದಲ್ಲಿ ಒಣಗಿಸಿದ ಚಾಲಿ, ಮಾಲೇ ಬೇರೆ. ಈಗ ಪುತ್ತೂರು ಮಾರ್ಕೆಟ್ ಹಾಕಿ ಕೊಟ್ಟಿದ್ದಾಳೆ. "ಅಪ್ಪಾ, ಇದು ಕ್ವಿಂಟಾಲಿಗೆ, ಕಿಲೋಗೆ ಬೇಕಾದ್ರೆ 100ರಿಂದ ಭಾಗಿಸಿ, ಮ್ಯಾಕ್ಸಿಮಮ್ ನೋಡಿ ಆಸೆ ಪಡ್ಬೇಡಿ, ಮೋಡಲ್ ಅಂತ ಇದೆಯಲ್ಲ, ಹೆಚ್ಚು ಮಾಲು ಹೋದದ್ದು ಆ ರೇಟಿಗೆ" ಅಂದ್ಳು.

ಫೋನಲ್ಲಿ ಮಳೆ ಮುನ್ಸೂಚನೆದೂ ಹಾಗೇ, ಲೊಕೇಶನ್ ಆಫ್ ಇದ್ದು ಬೆಂಗಳೂರಿಂದು ಬರ್ತಿತ್ತು. ಆನ್ ಮಾಡಿ ಇವತ್ತು ಗಂಟೆಗಂಟೆದು ನೋಡಿದೆ, ಮಧ್ಯಾಹ್ನಕ್ಕೆ ಮಳೆ ಚಾನ್ಸ್ 80% ಇತ್ತು, ಅಡಿಕೆಗೆ ಬಿಡೋ ಬೋರ್ಡೋ ಮದ್ದು ಒಣಗ್ಲಿಕ್ಕೆ ಹೊತ್ತು ಸಿಗೋದಿಲ್ಲ ಅಂತ ಮದ್ದು ಬಿಡೋರನ್ನು ನಾಳೆಗೆ ಬರ್ಲಿಕ್ಕೆ ಹೇಳಿದೆ. ಮೂರು ಗಂಟೆಗೆ ಮಳೆ ಹೊಯ್ದೇ ಹೊಯ್ತು.