ಕನ್ನಡ ಮೀಡಿಯಂನಿಂದ ಇಂಜಿನಿಯರಿಂಗ್‌ಗೆ: ಲೆಕ್ಕ ಸರಿ, ಲ್ಯಾಬ್ ರಿಪೋರ್ಟಿನ ‘ಡಿಸ್ಕಷನ್’ ಬರೆಯುವುದು ಹೇಗೆ?

ಮೊದಲ_ಸೆಮ್: ನಾನು 10ನೇ ತರಗತಿ ತನಕ ಕನ್ನಡ ಮೀಡಿಯಂ. ಪಿಯುಸಿ ಇಂಗ್ಲಿಷಿನಲ್ಲಿ ಆಯಿತು, ಆದರೆ ಓದಿದ್ದೆಲ್ಲ ಸಿಇಟಿಗಾಗಿ. ಅಲ್ಲಿ ಸರಿಯುತ್ತರಕ್ಕೆ ಗುರುತು ಹಾಕಿದರೆ ಸಾಕಿತ್ತು. ಈಗ ಇಂಜಿನಿಯರಿಂಗ್‌ನಲ್ಲಿ ಲೆಕ್ಕ, ಡಿರೈವೇಷನ್ ಬರುತ್ತದೆ. ಲ್ಯಾಬ್ ರಿಪೋರ್ಟಿನ ಕೊನೆಯಲ್ಲಿ ‘ಡಿಸ್ಕಷನ್’ ಅಂತ ಒಂದು ಪ್ಯಾರಾ ಬರೆಯಬೇಕು. ಅದರ ಪಕ್ಕ ಪ್ರತಿ ಸಲ ‘ನಾಟ್ ಕ್ಲಿಯರ್’ ಎಂದು ಬರೆದು ಮಾರ್ಕ್ಸ್ ಕಳೆಯುತ್ತಾರೆ. ಏನು ಮಾಡಲಿ?

ಶುಭಾ_ಇಸಿ: ಮೊದಲು ಪದಗಳ ಪಟ್ಟಿ ಮಾಡಿಕೋ ತಮ್ಮ. ಎಡಗಡೆ ಶಾಲೆಯಲ್ಲಿ ಕಲಿತ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ. ವಿಭವಾಂತರ, ರೋಧ, ಜಡತ್ವ, ವೇಗೋತ್ಕರ್ಷ, ಹೀಗೆ. ಪದ ಗೊತ್ತಿದ್ದರೆ ಬರೆಯುವುದು ತಾನಾಗಿ ಬರುತ್ತದೆ. ನಾನು ಹಾಗೇ ಮಾಡಿದ್ದು.

ಎಲ್ಲಿಂದಲೋ_ಬಂದವ: ನನ್ನದೂ ಇದೇ ಕಥೆ. ವೈವಾದಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬರುತ್ತಿರಲಿಲ್ಲ. ಗೆಳೆಯರ ಜೊತೆ ದಿನಾ ಇಂಗ್ಲಿಷಿನಲ್ಲಿ ಮಾತಾಡು. ನ್ಯೂಸ್ ಕೇಳು. ಆರು ತಿಂಗಳಲ್ಲಿ ಸರಿ ಹೋಗುತ್ತದೆ.

ಲ್ಯಾಬ್_ಮೇಷ್ಟ್ರು: ಅವನು ಕೇಳುತ್ತಿರುವುದು ಮಾತಿನ ಬಗ್ಗೆ ಅಲ್ಲ, ಬರವಣಿಗೆಯ ಬಗ್ಗೆ. ಎರಡಕ್ಕೂ ಬೇರೆ ಬೇರೆ ಅಭ್ಯಾಸ ಬೇಕು. ಶುಭಾ ಅವರು ಹೇಳಿದ ಪಟ್ಟಿ ಪಾಠ ಕೇಳುವಾಗ, ಓದುವಾಗ ಉಪಯೋಗಕ್ಕೆ ಬರುತ್ತದೆ. ಬರೆಯಲು ಅದು ಸಾಲುವುದಿಲ್ಲ. ತಮ್ಮಾ, ನೀನು ಬರೆದ ಒಂದು ಪ್ಯಾರಾ ಇಲ್ಲಿ ಹಾಕು, ರೀಡಿಂಗ್ ಸಮೇತ. ಅದನ್ನು ನೋಡದೆ ಸಲಹೆ ಕೊಟ್ಟರೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ಮೊದಲ_ಸೆಮ್: ಸರ್, ವೋಲ್ಟೇಜ್ ಡಿವೈಡರ್ ಪ್ರಯೋಗ. 9 ವೋಲ್ಟ್ ಸಪ್ಲೈ, ಸರಣಿಯಲ್ಲಿ R1 = 1 kΩ, R2 = 2 kΩ. ಲೆಕ್ಕದ ಪ್ರಕಾರ R1ಗೆ 3.00 V, R2ಗೆ 6.00 V ಬರಬೇಕು. ಡಿಜಿಟಲ್ ಮಲ್ಟಿಮೀಟರ್‌ನಲ್ಲಿ 2.89 V ಮತ್ತು 6.11 V ಬಂತು. ನಾನು ಬರೆದದ್ದು, ಕನ್ನಡ ಅಕ್ಷರದಲ್ಲಿ ಹಾಕುತ್ತೇನೆ:

‘ದ ವೋಲ್ಟೇಜ್ ಇನ್ R1 ಈಸ್ ಕಮಿಂಗ್ 2.89 V ಬಟ್ ಥಿಯರಿ ವ್ಯಾಲ್ಯೂ ಈಸ್ 3 V. ದಿಸ್ ಈಸ್ ಡ್ಯೂ ಟು ಹ್ಯೂಮನ್ ಎರರ್ ಅಂಡ್ ಪ್ಯಾರಲಾಕ್ಸ್ ಎರರ್.’

ಕೊನೆಯ ಸಾಲಿನ ಕಾರಣಗಳು ಸೀನಿಯರ್ ರೆಕಾರ್ಡಿನಲ್ಲಿ ಇದ್ದವು.

ಲ್ಯಾಬ್_ಮೇಷ್ಟ್ರು: ಈಗ ವಿಷಯ ಸಿಕ್ಕಿತು. ‘ಈಸ್ ಕಮಿಂಗ್’ ಸಣ್ಣ ತಪ್ಪು, ಅದನ್ನು ಯಾರಾದರೂ ಒಂದು ನಿಮಿಷದಲ್ಲಿ ತಿದ್ದುತ್ತಾರೆ. ದೊಡ್ಡ ತೊಂದರೆ ಕೊನೆಯ ಸಾಲಿನಲ್ಲಿದೆ. ಪ್ಯಾರಲಾಕ್ಸ್ ಅಂದರೆ ಮುಳ್ಳು ಇರುವ ಮೀಟರನ್ನು ಓರೆಯಾಗಿ ನೋಡಿದಾಗ ಆಗುವ ತಪ್ಪು. ನೀನು ಬಳಸಿದ್ದು ಡಿಜಿಟಲ್ ಮೀಟರ್. ಅದರಲ್ಲಿ ಮುಳ್ಳೇ ಇಲ್ಲ. ಆ ಸಾಲು ನೋಡಿದ ತಕ್ಷಣ, ಬರೆದವನು ತನ್ನ ಪ್ರಯೋಗದ ಬಗ್ಗೆ ಯೋಚಿಸಿಲ್ಲ ಎಂದು ಯಾವ ಮೇಷ್ಟ್ರಿಗಾದರೂ ಅನಿಸುತ್ತದೆ.

ಕನ್ನಡ ಮೀಡಿಯಂ ಮಕ್ಕಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ನಿಜವಾದ ಕಾರಣ ತಲೆಯಲ್ಲಿ ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಹೇಳುವ ವಾಕ್ಯ ಕೈಯಲ್ಲಿ ಇರುವುದಿಲ್ಲ. ಆಗ ಕೈಗೆ ಸಿಗುವ ವಾಕ್ಯವನ್ನು ಬರೆಯುತ್ತಾರೆ, ಕಾರಣವೇ ಬದಲಾಗಿ ಹೋಗುತ್ತದೆ. ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಲ್ಲಿ ಹೇಳು: 3.00 ಬದಲು 2.89 ಯಾಕೆ ಬಂತು?

ಮೊದಲ_ಸೆಮ್: ರೆಸಿಸ್ಟರ್‌ಗಳು ಸರಿಯಾಗಿ 1 ಕಿಲೋ ಓಮ್, 2 ಕಿಲೋ ಓಮ್ ಇಲ್ಲದೇ ಇರಬಹುದು. ಎರಡರ ಮೇಲೂ ಕೊನೆಯ ಪಟ್ಟಿ ಚಿನ್ನದ ಬಣ್ಣ, ಅಂದರೆ 5%. ಸರ್ಕಿಟ್ ಜೋಡಿಸುವ ಮೊದಲು ಅಳೆದಿದ್ದೆ. R1 970 Ω ಇತ್ತು, R2 2050 Ω. ರಫ್ ಬುಕ್ಕಿನಲ್ಲಿದೆ. ರಿಪೋರ್ಟಿನಲ್ಲಿ ಎಲ್ಲಿ ಹಾಕಬೇಕು ಅಂತ ಗೊತ್ತಾಗದೆ ಬಿಟ್ಟೆ.

ಹಳೇ_ಮೀಟರ್: ಅಷ್ಟೇ ಅಲ್ಲ. ಮಲ್ಟಿಮೀಟರ್ ಇಟ್ಟ ಕೂಡಲೇ ಅದೂ ಸರ್ಕಿಟ್ಟಿಗೆ ಸೇರಿಕೊಳ್ಳುತ್ತದೆ. ಲೋಡಿಂಗ್ ಎಫೆಕ್ಟ್. ವೋಲ್ಟೇಜ್ ಕಡಿಮೆ ತೋರಿಸಲು ಅದೇ ಕಾರಣ. ಅದನ್ನು ಬರಿ.

ಲ್ಯಾಬ್_ಮೇಷ್ಟ್ರು: ಇಲ್ಲಿ ಅದು ಲೆಕ್ಕಕ್ಕಿಲ್ಲ ಸರ್. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್‌ನ ಒಳಗಿನ ರೋಧ 10 MΩ ಆಸುಪಾಸು. 1 kΩ ಪಕ್ಕ ಅದನ್ನು ಇಟ್ಟರೆ ಆಗುವ ವ್ಯತ್ಯಾಸ 0.01%ಗಿಂತ ಕಡಿಮೆ. ಎರಡೂ ರೆಸಿಸ್ಟರ್ 1 MΩ ಆಗಿದ್ದರೆ ನಿಮ್ಮ ಮಾತು ಸರಿ, ಆಗ ರೀಡಿಂಗ್ ಸುಮಾರು 5% ಕಡಿಮೆ ಬರುತ್ತಿತ್ತು. ಇನ್ನೊಂದು ನೋಡಿ. ಮೀಟರ್ ಎಳೆದು ಕಡಿಮೆ ತೋರಿಸಿದ್ದರೆ R2 ಮೇಲೂ ಕಡಿಮೆ ಬರಬೇಕಿತ್ತು. ಇವನಿಗೆ ಅಲ್ಲಿ 6.11, ಅಂದರೆ ಜಾಸ್ತಿ ಬಂದಿದೆ.

ತಮ್ಮಾ, ಅಳೆದ ಬೆಲೆಗಳನ್ನು ಹಾಕಿ ಲೆಕ್ಕ ಮಾಡು:

```
V1 = 9.00 × 970 / (970 + 2050) = 2.89 V
V2 = 9.00 × 2050 / (970 + 2050) = 6.11 V
```

ನಿನ್ನ ರೀಡಿಂಗ್ ಅಚ್ಚುಕಟ್ಟಾಗಿ ಹೊಂದಿತು. ಕಾರಣವನ್ನು ಊಹಿಸುವ ಅಗತ್ಯವೇ ಇಲ್ಲ, ನಿನ್ನ ರಫ್ ಬುಕ್ಕಿನಲ್ಲೇ ಇದೆ. ಈ ಎರಡು ಸಾಲನ್ನು ಮೊದಲು ಬರಿ. ವಾಕ್ಯಗಳು ಆಮೇಲೆ. ಅಂಕಿ ಪುಟದ ಮೇಲೆ ಕೂತ ಮೇಲೆ ನೀನು ಹೇಳಬೇಕಾದದ್ದು ಮೂರೇ ಮಾತು: ಏನು ಬಂತು, ಎಷ್ಟು ಬರಬೇಕಿತ್ತು, ಯಾಕೆ ಬೇರೆಯಾಯಿತು. ಒಂದೊಂದಕ್ಕೂ ಒಂದೊಂದು ಗಿಡ್ಡ ವಾಕ್ಯ ಸಾಕು.

ಮೊದಲ_ಸೆಮ್: ಸರ್, ವಾಕ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ. ವೋಲ್ಟೇಜ್ ‘ಇನ್’, ‘ಆನ್’, ‘ಥ್ರೂ’, ಯಾವುದು ಎಂದು ಪ್ರತಿ ಸಲ ಗೊಂದಲ.

ಲ್ಯಾಬ್_ಮೇಷ್ಟ್ರು: ನಿನ್ನ 10ನೇ ತರಗತಿಯ ವಿಜ್ಞಾನ ಪಾಠ ನೆನಪು ಮಾಡಿಕೋ. ‘ವಾಹಕದ ತುದಿಗಳ ನಡುವಿನ ವಿಭವಾಂತರ’, ‘ವಾಹಕದ ಮೂಲಕ ಹರಿಯುವ ವಿದ್ಯುತ್ ಪ್ರವಾಹ’ ಎಂದು ಬಾಯಿಪಾಠ ಮಾಡಿದ್ದೆ ಅಲ್ವಾ? ‘ತುದಿಗಳ ನಡುವೆ’ ಎನ್ನುವುದು ‘ಅಕ್ರಾಸ್’. ‘ಮೂಲಕ’ ಎನ್ನುವುದು ‘ಥ್ರೂ’. ವೋಲ್ಟೇಜ್ ಅಕ್ರಾಸ್ ದ ರೆಸಿಸ್ಟರ್, ಕರೆಂಟ್ ಥ್ರೂ ದ ರೆಸಿಸ್ಟರ್. ಎರಡು ಬಿಂದುಗಳ ನಡುವೆ ಅಳೆಯುವುದರಿಂದ ‘ಅಕ್ರಾಸ್’, ಹರಿದು ಹೋಗುವುದರಿಂದ ‘ಥ್ರೂ’. ಮೀಟರ್ ಜೋಡಿಸುವುದೂ ಹಾಗೇ, ವೋಲ್ಟ್‌ಮೀಟರ್ ಸಮಾಂತರವಾಗಿ, ಅಮ್ಮೀಟರ್ ಸರಣಿಯಲ್ಲಿ. ಶಾಲೆಯ ಕನ್ನಡ ನಿನಗೆ ಇದನ್ನು ಸರಿಯಾಗಿಯೇ ಕಲಿಸಿದೆ. ‘ವೋಲ್ಟೇಜ್ ಥ್ರೂ’ ಎಂದು ಬರೆಯುವವರಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಓದಿದವರೂ ಇದ್ದಾರೆ.

ಅದಕ್ಕೇ ಬರಿ ಪದಪಟ್ಟಿ ಸಾಲದು ಎಂದಿದ್ದು. ‘ವೋಲ್ಟೇಜ್’ ಎಂದು ಒಂಟಿ ಪದ ಬರೆದುಕೊಳ್ಳಬೇಡ. ಅದರ ಜೊತೆ ಬರುವ ಮಾತನ್ನೂ ಸೇರಿಸಿ, ಪುಸ್ತಕದಲ್ಲಿ ಕಂಡ ಒಂದು ಪೂರ್ತಿ ವಾಕ್ಯ ಬರೆದುಕೋ. ಲೋಡ್ ಆದರೆ ‘ಅಪ್ಲೈ’ ಮಾಡುತ್ತಾರೆ, ರೀಡಿಂಗ್ ‘ಟೇಕ್’ ಮಾಡುತ್ತಾರೆ, ಸರ್ಕಿಟ್ ಕರೆಂಟನ್ನು ‘ಡ್ರಾ’ ಮಾಡುತ್ತದೆ.

ಶುಭಾ_ಇಸಿ: ಒಪ್ಪಿದೆ ಸರ್, ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಆದರೆ ಒಂದು ಮಾತು. ನಾನು ಪೂರ್ತಿ ಪ್ಯಾರಾ ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತರುತ್ತಿದ್ದೆ. ನನಗೆ ಧೈರ್ಯ ಬಂದದ್ದೇ ಹಾಗೆ. ಇವನಿಗೂ ಅದನ್ನೇ ಹೇಳುತ್ತೇನೆ.

ಲ್ಯಾಬ್_ಮೇಷ್ಟ್ರು: ಕನ್ನಡದಲ್ಲಿ ಯೋಚಿಸಲಿ, ಚುಟುಕಾಗಿ ಗುರುತು ಹಾಕಿಕೊಳ್ಳಲಿ. ಪೂರ್ತಿ ವಾಕ್ಯ ಬರೆದು ಅನುವಾದ ಮಾಡಿದರೆ ನಮ್ಮ ಉದ್ದನೆಯ ‘ಆದ್ದರಿಂದ, ಆಗಿರುವುದರಿಂದ’ ಎಲ್ಲ ಹಾಗೇ ಇಂಗ್ಲಿಷಿಗೆ ಹೋಗುತ್ತವೆ. ವಾಕ್ಯ ನಾಲ್ಕು ಸಾಲಾಗುತ್ತದೆ, ಕ್ರಿಯಾಪದ ಎಲ್ಲೋ ಕಳೆದುಹೋಗುತ್ತದೆ. ಪರೀಕ್ಷೆಯಲ್ಲಿ ಸಮಯವೂ ಸಿಗುವುದಿಲ್ಲ.

ಶುಭಾ_ಇಸಿ: ಪರೀಕ್ಷೆಗೆ ಸರಿ. ಮನೆಯಲ್ಲಿ ಬರೆಯುವ ಅಸೈನ್‌ಮೆಂಟಿಗೆ ಸಮಯ ಇರುತ್ತದಲ್ಲ. ಬರೆಯಲು ಕೂತಾಗ ಪುಟ ಖಾಲಿಯೇ ಉಳಿದರೆ ವಾಕ್ಯ ಉದ್ದವೋ ಗಿಡ್ಡವೋ ಎನ್ನುವ ಮಾತೇ ಬರುವುದಿಲ್ಲ. ಇದರಲ್ಲಿ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ನೇರ_ನುಡಿ: ಇಷ್ಟೆಲ್ಲ ಒದ್ದಾಟ ಯಾಕೆ? 2021ರಲ್ಲೇ ಎಐಸಿಟಿಇ ಕನ್ನಡವೂ ಸೇರಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿದೆ. ರಿಪೋರ್ಟನ್ನು ಕನ್ನಡದಲ್ಲೇ ಬರೆಯಲು ಬಿಡಬೇಕು. ವಿಷಯ ಗೊತ್ತಿರುವ ಹುಡುಗನಿಗೆ ಭಾಷೆಗಾಗಿ ಮಾರ್ಕ್ಸ್ ಕಳೆಯುವುದು ಅನ್ಯಾಯ.

ಎಲ್ಲಿಂದಲೋ_ಬಂದವ: ಆಮೇಲೆ ಕಂಪನಿಯಲ್ಲಿ ಡೇಟಾಶೀಟ್ ಯಾರು ಓದುತ್ತಾರೆ?

ನೇರ_ನುಡಿ: ಓದುವುದು ಬೇರೆ, ಬರೆಯುವುದು ಬೇರೆ. ಡೇಟಾಶೀಟ್ ಇಂಗ್ಲಿಷಿನಲ್ಲಿ ಓದಿ ರಿಪೋರ್ಟ್ ಕನ್ನಡದಲ್ಲಿ ಬರೆಯಲು ಏನು ಅಡ್ಡಿ?

ಲ್ಯಾಬ್_ಮೇಷ್ಟ್ರು: ಆ ಚರ್ಚೆ ಆಗಲೇಬೇಕು, ನಾನೂ ಅದರ ಪರ. ಆದರೆ ಇವನು ಈಗ ಸೇರಿರುವ ಕೋರ್ಸಿನಲ್ಲಿ ರಿಪೋರ್ಟ್ ಇಂಗ್ಲಿಷಿನಲ್ಲೇ ಕೊಡಬೇಕು. ಇಂದಿನ ಪ್ಯಾರಾ ಮುಗಿಸೋಣ.

ಮೊದಲ_ಸೆಮ್: ಸರ್, ಹೊಸದಾಗಿ ಬರೆದೆ:

‘ದ ಮೆಷರ್ಡ್ ವೋಲ್ಟೇಜ್ ಅಕ್ರಾಸ್ R1 ವಾಸ್ 2.89 V. ದ ಕ್ಯಾಲ್ಕುಲೇಟೆಡ್ ವ್ಯಾಲ್ಯೂ ಈಸ್ 3.00 V. ದ ಡಿಫರೆನ್ಸ್ ಈಸ್ 3.7%. ದ ಮೆಷರ್ಡ್ ರೆಸಿಸ್ಟೆನ್ಸಸ್ ವರ್ 970 Ω ಅಂಡ್ 2050 Ω. ಬೋತ್ ಆರ್ ವಿಥಿನ್ ದ 5% ಟಾಲರೆನ್ಸ್. ವಿಥ್ ದೀಸ್ ವ್ಯಾಲ್ಯೂಸ್, ದ ಕ್ಯಾಲ್ಕುಲೇಟೆಡ್ ವೋಲ್ಟೇಜ್ ಈಸ್ 2.89 V.’

ಅಳೆದದ್ದಕ್ಕೆ ‘ವಾಸ್’, ಲೆಕ್ಕಕ್ಕೆ ‘ಈಸ್’ ಹಾಕಿದ್ದೇನೆ. ಸರಿಯಾ?

ಲ್ಯಾಬ್_ಮೇಷ್ಟ್ರು: ಸರಿ. ನೀನು ಮಾಡಿದ ಕೆಲಸ ಮುಗಿದು ಹೋಗಿದೆ, ಅದಕ್ಕೆ ಭೂತಕಾಲ. ಸೂತ್ರ ಹೇಳುವುದು ಯಾವಾಗಲೂ ನಿಜ, ಅದಕ್ಕೆ ವರ್ತಮಾನ. R2 ಬಗ್ಗೆಯೂ ಒಂದು ವಾಕ್ಯ ಸೇರಿಸು. 2.89 ಮತ್ತು 6.11 ಕೂಡಿದರೆ 9.00 V, ಸಪ್ಲೈಗೆ ಸಮ, ಎಂದೂ ಬರಿ. ಓದುವವರಿಗೆ ನಿನ್ನ ರೀಡಿಂಗ್ ಮೇಲೆ ನಂಬಿಕೆ ಬರುತ್ತದೆ.

ಮೊದಲ_ಸೆಮ್: ಕರೆಂಟ್ ಕೂಡ ಅಳೆದಿದ್ದೆ ಸರ್. 9.00/3020 ಅಂದರೆ 2.98 mA ಬರಬೇಕು. ಬಂದದ್ದು 2.97. ಇದಕ್ಕೆ ಏನು ಕಾರಣ ಬರೆಯಲಿ?

ಹಳೇ_ಮೀಟರ್: ಇಲ್ಲಿ ನನ್ನ ಮಾತು ನಡೆಯುತ್ತದೆ. ಅಮ್ಮೀಟರಿಗೂ ಒಳಗೆ ರೋಧ ಇದೆ. ಅದು 10 Ω ಇದ್ದರೆ ಒಟ್ಟು 3030, ಕರೆಂಟ್ 2.97.

ಲ್ಯಾಬ್_ಮೇಷ್ಟ್ರು: ಇರಬಹುದು ಸರ್. ಆದರೆ ವ್ಯತ್ಯಾಸ ಮೀಟರಿನ ಕೊನೆಯ ಅಂಕಿಯಲ್ಲಿ ಒಂದು ಮಾತ್ರ. ಈ ಒಂದು ರೀಡಿಂಗ್ ಇಟ್ಟುಕೊಂಡು ಅದೇ ಕಾರಣ ಎನ್ನಲು ಆಗುವುದಿಲ್ಲ. ತಮ್ಮಾ, ಇಲ್ಲಿ ಕಾರಣ ಬರೆಯಬೇಡ. ವ್ಯತ್ಯಾಸ 0.01 mA, ಮೀಟರಿನ ರೆಸಲ್ಯೂಷನ್‌ನಷ್ಟೇ ಇದೆ ಎಂದು ಒಂದು ವಾಕ್ಯ ಹಾಕು. ಹಳೇ_ಮೀಟರ್ ಹೇಳಿದ್ದು ನಿಜವೋ ಎಂದು ನೋಡಬೇಕಿದ್ದರೆ ಮುಂದಿನ ಲ್ಯಾಬಿನಲ್ಲಿ 100 Ω ಮತ್ತು 200 Ω ಹಾಕಿ, ಸಪ್ಲೈಯನ್ನು 0.9 Vಗೆ ಇಳಿಸಿ, ಅದೇ ರೇಂಜಿನಲ್ಲಿ ಅಳೆ. ಈ ಸಲವೂ ರೆಸಿಸ್ಟರ್‌ಗಳನ್ನು ಮೊದಲೇ ಅಳೆದುಕೋ. ಒಳಗೆ 10 Ω ಇದ್ದರೆ ಕರೆಂಟ್ ಲೆಕ್ಕಕ್ಕಿಂತ ಸುಮಾರು 3% ಕಡಿಮೆ ಬರುತ್ತದೆ, ಕಣ್ಣಿಗೆ ಕಾಣುವಷ್ಟು.