ಸಹಾಯ ಬೇಕು: ಸೀರೆ ಮೇಜಿನ ಮುಂದೆ ಒಬ್ಬರೇ ಇಬ್ಬರಾಗಿ ಎಣಿಕೆಯಾಗುತ್ತಿದ್ದಾರೆ

ನಮಸ್ಕಾರ. ಕಾಸರಗೋಡಿನ ಒಂದು ಜವಳಿ ಅಂಗಡಿಯಲ್ಲಿ ಓಣಂಗೆ ಮೊದಲು ಮೇಜುಗಳ ಜಾಗ ಬದಲಿಸಬೇಕು. ಅದಕ್ಕೆ ಕ್ಯಾಮೆರಾ ವಿಡಿಯೋದಿಂದ ಲೆಕ್ಕ ತೆಗೆಯುತ್ತಿದ್ದೇವೆ. ಬಾಗಿಲಿನದ್ದು ಸರಿಯಿದೆ. ಹೊಸ್ತಿಲ ಮೇಲೆ ಎಳೆದ ಗೆರೆಯನ್ನು ಒಂದು ಮೀಟರ್ ಒಳಕ್ಕೆ ತಂದ ಮೇಲೆ, ಇಣುಕಿ ಹೋಗುವವರು ಲೆಕ್ಕಕ್ಕೆ ಬರುತ್ತಿಲ್ಲ.

ತೊಂದರೆ ಸೀರೆ ಮೇಜಿನದ್ದು. 10 ಸೆಕೆಂಡ್ ದಾಟಿದರೆ ‘ನಿಂತರು’ ಎಂದು ಲೆಕ್ಕ. ಒಂದು ಗಂಟೆಯ ವಿಡಿಯೋ ಕೂತು ನೋಡಿದರೆ 14 ಜನ, ಪ್ರೋಗ್ರಾಂ ಕೊಟ್ಟದ್ದು 23. ಸೀರೆ ಬಿಡಿಸಿ ತೋರಿಸುವಾಗ ಗಿರಾಕಿ ನಾಲ್ಕೈದು ಸೆಕೆಂಡ್ ಮರೆಯಾಗುತ್ತಾರೆ, ಮತ್ತೆ ಕಂಡಾಗ ಹೊಸ ನಂಬರ್ ಬೀಳುತ್ತದೆ. 40 ಸೆಕೆಂಡ್ ನಿಂತವರು 15 ಮತ್ತು 20 ಸೆಕೆಂಡಿನ ಇಬ್ಬರಾಗುತ್ತಾರೆ.

ಜನರಿಗೆ ನಂಬರ್ ಕೊಟ್ಟು ಹಿಂಬಾಲಿಸಲು ಬಳಸುತ್ತಿರುವುದು ByteTrack. ವಿಡಿಯೋ ಸೆಕೆಂಡಿಗೆ 10 ಫ್ರೇಮ್, ಸೆಟ್ಟಿಂಗ್ ಹೀಗಿತ್ತು:

```
track_buffer: 30
```

ಅಂದರೆ ಮರೆಯಾದವರಿಗಾಗಿ ಕಾಯುವುದು ಬರೀ 30 ಫ್ರೇಮ್, 3 ಸೆಕೆಂಡ್. 80ಕ್ಕೆ ಏರಿಸಿದಾಗ 23 ಇದ್ದದ್ದು 16ಕ್ಕೆ ಇಳಿಯಿತು, ಆದರೆ ಬೇರೆ ತಪ್ಪು ಶುರುವಾಯಿತು. ಒಬ್ಬರು ಮರೆಯಲ್ಲೇ ಹೊರಟು ಇನ್ನೊಬ್ಬರು ಅದೇ ಜಾಗಕ್ಕೆ ಬಂದರೆ ಹಳೇ ನಂಬರೇ ಮುಂದುವರಿಯುತ್ತದೆ. ByteTrack ನೋಡುವುದು ವ್ಯಕ್ತಿಯ ಸುತ್ತಲಿನ ಚೌಕಟ್ಟಿನ ಜಾಗವನ್ನು, ಬಟ್ಟೆಯ ಬಣ್ಣವನ್ನಲ್ಲ.

30ಕ್ಕೇ ಬಿಟ್ಟು, ತುಂಡುಗಳನ್ನು ಆಮೇಲೆ ಬಟ್ಟೆಯ ಬಣ್ಣ ಹೋಲಿಸಿ ಜೋಡಿಸುವುದು ವಾಸಿ ಎಂದು ನಮಗನಿಸುತ್ತದೆ. ಹಾಗೆ ಮಾಡಿದವರಿದ್ದರೆ, ಎಷ್ಟು ಸೆಕೆಂಡಿನ ಅಂತರದವರೆಗೆ ಜೋಡಿಸಿದಿರಿ? ಅಥವಾ ಕ್ಯಾಮೆರಾವನ್ನೇ ಮೇಜಿನ ನೆತ್ತಿಗೆ ತರಬೇಕೇ? ಛಾವಣಿ 2.8 ಮೀಟರ್ ಎತ್ತರದಲ್ಲಿದೆ.